ಇಂಗ್ಲಿಷಿನ ಆರೋಗ್ಯ ವಿಮಾ ಪಾಲಿಸಿಯನ್ನು ಕನ್ನಡದ ಮನೆಯವರು ಓದಿಕೊಳ್ಳುವ ಬಗೆ



ಈಚಿನ ವರ್ಷಗಳಲ್ಲಿ ಹಳ್ಳಿಯ ಅನೇಕ ಮನೆಗಳಿಗೆ ಆರೋಗ್ಯ ವಿಮೆಯ ಪಾಲಿಸಿ ಬಂದು ಸೇರಿದೆ. ಪಟ್ಟಣದಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ತಂದೆತಾಯಿಗಳ ಹೆಸರು ಸೇರಿಸಿ ಕಂತು ಕಟ್ಟಿರುತ್ತಾರೆ. ಇಲ್ಲವೆ ಬ್ಯಾಂಕಿಗೆ ಹೋದಾಗ ಅಲ್ಲಿಯವರು ಹೇಳಿದ್ದಕ್ಕೆ ರುಜು ಹಾಕಿ ಕೊಂಡಿರುತ್ತೀರಿ. ಪಾಲಿಸಿಯ ಪುಸ್ತಕ ಹತ್ತಾರು ಪುಟಗಳದು, ಎಲ್ಲವೂ ಇಂಗ್ಲಿಷು. ಮನೆಯವರು ಮೊದಲ ಪುಟದಲ್ಲಿ 3 ಲಕ್ಷ ಎಂಬ ಅಂಕಿಯನ್ನು ನೋಡಿ, ಅದನ್ನು ಜಮೀನಿನ ಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಮುಂದೆ ಯಾರಾದರೂ ಆಸ್ಪತ್ರೆಗೆ ಸೇರಿದಾಗ, ಆ 3 ಲಕ್ಷದಲ್ಲಿ ಒಂದು ರೂಪಾಯಿಯೂ ಬರುವುದಿಲ್ಲವೆಂದೋ, ಬಿಲ್ಲಿನ ಅರ್ಧ ಮಾತ್ರ ಬರುವುದೆಂದೋ ತಿಳಿಯುತ್ತದೆ. ಆಗ ಸಾಲಕ್ಕೆ ಓಡಾಡುವ ಪಾಡು ಮನೆಯವರದೇ.

ಹೀಗಾಗುವುದಕ್ಕೆ ಕಾರಣವಾದ ಮಾತುಗಳೆಲ್ಲ ಪಾಲಿಸಿಯಲ್ಲಿಯೇ ಅಚ್ಚಾಗಿರುತ್ತವೆ. ಅವು ಮುಖ್ಯವಾಗಿ ಮೂರು ಬಗೆ: ಕಾಯುವ ಅವಧಿ, ಹೊರಗಿಟ್ಟ ವಿಷಯ, ಒಳಮಿತಿ. ಇವನ್ನು ಇಂಗ್ಲಿಷಿನಲ್ಲಿ ಕ್ರಮವಾಗಿ ವೇಟಿಂಗ್ ಪೀರಿಯಡ್, ಎಕ್ಸ್‌ಕ್ಲೂಷನ್, ಸಬ್-ಲಿಮಿಟ್ ಎನ್ನುತ್ತಾರೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಬಂದರೆ ಪಾಲಿಸಿಯ ಮುಕ್ಕಾಲು ಭಾಗ ತಿಳಿದಂತೆಯೇ.

ಮೊದಲಿಗೆ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸರ್ಕಾರಿ ಕಾರ್ಡಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅಲ್ಲಿ ಹಳೆಯ ಕಾಯಿಲೆಗೆಂದು ಕಾಯಬೇಕಾದ ಅವಧಿ ಇಲ್ಲ. ಇಲ್ಲಿ ಹೇಳುವುದು, ವಿಮಾ ಕಂಪನಿಗೆ ಹಣ ಕಟ್ಟಿ ಕೊಂಡ ಪಾಲಿಸಿಯ ವಿಚಾರ.

ಕೆರೆಯ ನೀರಿನ ಹೋಲಿಕೆ

ಊರ ಕೆರೆಯ ನೀರನ್ನು ನೆನೆಯಿರಿ. ಕೆರೆ ತುಂಬಿದ್ದರೂ ತೂಬು ಎತ್ತುವ ದಿನ ಬರುವವರೆಗೆ ಯಾರ ಗದ್ದೆಗೂ ನೀರಿಲ್ಲ. ಕಾಯುವ ಅವಧಿಯೂ ಹೀಗೆಯೇ. ದಿನ ಬಂದರೆ ತಾನಾಗಿ ತೆರೆಯುತ್ತದೆ. ಇನ್ನು ಕೆಲವರ ಹೊಲ ಅಚ್ಚುಕಟ್ಟಿನ ಹೊರಗೇ ಇರುತ್ತದೆ. ತೂಬು ಎತ್ತಿದರೂ ಅಲ್ಲಿಗೆ ನೀರು ಹರಿಯುವುದಿಲ್ಲ, ಎಷ್ಟು ವರ್ಷ ಕಾದರೂ ಅಷ್ಟೇ. ಹೊರಗಿಟ್ಟ ವಿಷಯವೆಂದರೆ ಇದು. ಮೂರನೆಯದಾಗಿ, ಅಚ್ಚುಕಟ್ಟಿನೊಳಗಿನ ಗದ್ದೆಗೂ ನೀರುಗಂಟಿ ಇಷ್ಟು ಹೊತ್ತು ಎಂದು ಅಳತೆಯಿಟ್ಟೇ ನೀರು ಬಿಡುತ್ತಾನೆ. ಒಳಮಿತಿಯೆಂದರೆ ಈ ಅಳತೆ.

ಆದುದರಿಂದ ಯಾವ ಕಾಯಿಲೆಯೇ ಬರಲಿ, ಪಾಲಿಸಿಯನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಬೇಕು. ಇದಕ್ಕೆ ದಿನ ಬಂದಿದೆಯೇ? ಇದು ಅಚ್ಚುಕಟ್ಟಿನ ಒಳಗಿದೆಯೇ? ಒಳಗಿದ್ದರೆ ಅಳತೆ ಎಷ್ಟು?

ಸಂಖ್ಯೆಗಳೇ ದಾರಿ ತೋರುತ್ತವೆ

ಇಂಗ್ಲಿಷ್ ಬಾರದವರಿಗೂ ಒಂದು ಅನುಕೂಲವಿದೆ. ಹಿಂದೆ ಒಂದೊಂದು ಕಂಪನಿ ಒಂದೊಂದು ಬಗೆಯಾಗಿ ಷರತ್ತು ಬರೆಯುತ್ತಿತ್ತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಸಾಮಾನ್ಯವಾದ ಷರತ್ತುಗಳಿಗೆಲ್ಲ ಒಂದೇ ಒಕ್ಕಣೆ, ಒಂದೇ ಸಂಖ್ಯೆ ಇರಬೇಕೆಂದು ಗೊತ್ತುಮಾಡಿತು. ಹೀಗಾಗಿ ಪಾಲಿಸಿಯ ನಡುಭಾಗದಲ್ಲಿ, ಷರತ್ತಿನ ತಲೆಬರಹದ ಪಕ್ಕದಲ್ಲಿ, ಕೋಡ್ ಎಂದು ಬರೆದು 01ರಿಂದ 18ರವರೆಗಿನ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಕಂಪನಿ ಯಾವುದಾದರೂ ಆಗಲಿ, 01 ಎಂದರೆ ಹಳೆಯ ಕಾಯಿಲೆ; 02 ಎಂದರೆ ಹೆಸರಿಸಿದ ಕಾಯಿಲೆಗಳ ಪಟ್ಟಿ; 03 ಎಂದರೆ ಮೊದಲ 30 ದಿನ. ಈ ಮೂರೂ ಕಾಯುವ ಅವಧಿಗಳು. 04ರಿಂದ 18ರವರೆಗಿನವು ಹೊರಗಿಟ್ಟ ವಿಷಯಗಳು. ಶಾಲೆಗೆ ಹೋಗುವ ಮಗುವೂ ಈ ಅಂಕಿಗಳನ್ನು ಹುಡುಕಿ ಪೆನ್ಸಿಲಿನಿಂದ ಗುರುತು ಹಾಕಬಲ್ಲದು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ಯಜಮಾನರಿಗೆ 54 ವರ್ಷ. ಐದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರೆ. ಯಜಮಾನಿಗೆ 48 ವರ್ಷ. ಗೊತ್ತಿರುವಂತೆ ಯಾವ ಕಾಯಿಲೆಯೂ ಇಲ್ಲ. ಮಗ 3 ಲಕ್ಷ ರೂಪಾಯಿಯ ಪಾಲಿಸಿ ಕೊಂಡಿದ್ದಾನೆ. ಅದು 2025ರ ಜೂನ್ 10ರಂದು ಮೊದಲಾಗಿದೆ. ತಂದೆಯ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆದು ತಿಳಿಸಿದ್ದಾನೆ. ಇದೇ ಮನೆಯನ್ನು ಕಡೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಿ.

ಮೊದಲ ತೂಬು: 30 ದಿನ

ಪಾಲಿಸಿ ಮೊದಲಾದ ದಿನದಿಂದ 30 ದಿನಗಳೊಳಗೆ ಯಾವ ಕಾಯಿಲೆಗೆ ಔಷಧೋಪಚಾರ ಮಾಡಿಸಿದರೂ ಹಣವಿಲ್ಲ. ನಮ್ಮ ಮನೆಯ ಯಜಮಾನಿಗೆ ಜೂನ್ 25ರಂದು ಡೆಂಗೆ ಜ್ವರ ಬಂದು ಆಸ್ಪತ್ರೆಗೆ ಸೇರಿದರೆ, ಆ ಖರ್ಚನ್ನು ಮನೆಯವರೇ ಕೊಡಬೇಕು. ಅದೇ ಜ್ವರ ಜುಲೈ 15ಕ್ಕೆ ಬಂದರೆ ಪಾಲಿಸಿ ಕೊಡುತ್ತದೆ. ಅಪಘಾತಕ್ಕೆ ಮಾತ್ರ ಈ 30 ದಿನದ ತಡೆಯಿಲ್ಲ. ಜೂನ್ 12ರಂದೇ ಟ್ರಾಕ್ಟರಿನಿಂದ ಬಿದ್ದು ಕಾಲು ಮುರಿದರೂ ಹಣ ಸಿಗುತ್ತದೆ.

ಇದೇನು ನ್ಯಾಯ ಎಂದು ನೀವು ಕೇಳಬಹುದು. ಜ್ವರ ಬಂದ ದಿನವೇ ವಿಮೆ ಕೊಳ್ಳಬಹುದಾದರೆ, ಆರೋಗ್ಯವಾಗಿದ್ದಾಗ ಯಾರೂ ಕಂತು ಕಟ್ಟುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಹಾಗಾಗುತ್ತದೆ. ಅದನ್ನು ತಡೆಯುವುದಕ್ಕೆ ಈ ಷರತ್ತು.

ಎರಡನೆಯ ತೂಬು: ಹೆಸರಿಸಿದ ಕಾಯಿಲೆಗಳು

ಹೆಚ್ಚಿನ ಜನ ಎಡವುವುದು ಇಲ್ಲಿ. 02 ಎಂಬ ಸಂಖ್ಯೆಯ ಕೆಳಗೆ ಒಂದು ಪಟ್ಟಿ ಇರುತ್ತದೆ. ಕಣ್ಣಿನ ಪೊರೆ, ಅಂಡವಾಯು ಎನ್ನುವ ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ, ಟಾನ್ಸಿಲ್, ಮೊಣಕಾಲಿನ ಕೀಲು ಬದಲಾಯಿಸುವುದು – ಇಂಥವು ಅದರಲ್ಲಿ ಸಾಮಾನ್ಯ. ಇವಕ್ಕೆ ಬಹಳ ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ಕೆಲವು ಪಾಲಿಸಿಗಳಲ್ಲಿ, ಕೀಲು ಬದಲಾವಣೆಯಂಥ ಕೆಲವಕ್ಕೆ, ಇನ್ನೂ ಹೆಚ್ಚು ಕಾಲ ಇರುತ್ತದೆ. ಪಟ್ಟಿ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ನಿಮ್ಮ ಪಾಲಿಸಿಯ ಪಟ್ಟಿಯನ್ನೇ ಓದಿಸಿಕೊಳ್ಳಬೇಕು.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಈ ಕಾಯಿಲೆ ಮೊದಲೇ ಇತ್ತೋ ಹೊಸದಾಗಿ ಬಂತೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಮನೆಯ ಯಜಮಾನಿಗೆ 2026ರ ಮಾರ್ಚಿನಲ್ಲಿ ಹೊಟ್ಟೆನೋವು ಬಂದು, ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಗೊತ್ತಾಯಿತೆನ್ನಿ. ಪಾಲಿಸಿ ಕೊಂಡಾಗ ಅವರಿಗೆ ಅದರ ಸುಳಿವೇ ಇರಲಿಲ್ಲ. ಅವರು ಏನನ್ನೂ ಮರೆಮಾಚಿಲ್ಲ. ಆದರೂ ಪಟ್ಟಿಯಲ್ಲಿ ಹೆಸರು ಇರುವುದರಿಂದ 2027ರ ಜೂನ್ 10ರವರೆಗೆ ಅದರ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. “ನಾವು ಸುಳ್ಳು ಹೇಳಲಿಲ್ಲವಲ್ಲ” ಎಂದು ವಾದಿಸಿ ಫಲವಿಲ್ಲ. ಕಂಪನಿಯೂ ಅವರು ಸುಳ್ಳು ಹೇಳಿದರೆಂದು ಹೇಳುತ್ತಿಲ್ಲ. ಆದರೆ ಪಟ್ಟಿಯಲ್ಲಿರುವುದೇ ಅಪಘಾತದಿಂದ ಉಂಟಾಗಿದ್ದರೆ ಈ ತಡೆ ಅನ್ವಯಿಸುವುದಿಲ್ಲ.

ದಿನ ನೋಡಿ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಕೆಂದು ಇದರ ಅರ್ಥವಲ್ಲ. ತಡೆಯಬಹುದೇ ಇಲ್ಲವೇ ಎಂದು ಹೇಳಬೇಕಾದವರು ವೈದ್ಯರು. ಕಣ್ಣಿನ ಪೊರೆಗೆ ಅವಸರವಿಲ್ಲವೆಂದು ವೈದ್ಯರೇ ಹೇಳಿದರೆ ಆಗ ಪಾಲಿಸಿಯ ದಿನವನ್ನು ನೋಡಿಕೊಳ್ಳಬಹುದು. ಪಿತ್ತಕೋಶ ಊದಿಕೊಂಡು ಜ್ವರ ಬಂದಿದ್ದರೆ ಕಾಯುವಂತಿಲ್ಲ. ಸರ್ಕಾರಿ ಆಸ್ಪತ್ರೆಗಾದರೂ ಹೋಗಬೇಕು.

ಮೂರನೆಯ ತೂಬು: ಹಳೆಯ ಕಾಯಿಲೆ

01 ಸಂಖ್ಯೆಯ ಷರತ್ತಿಗೆ ಪ್ರಿ-ಎಕ್ಸಿಸ್ಟಿಂಗ್ ಡಿಸೀಸ್ ಎಂದು ಹೆಸರು. ಪಾಲಿಸಿ ಮೊದಲಾಗುವುದಕ್ಕೆ ಹಿಂದಿನ 36 ತಿಂಗಳುಗಳಲ್ಲಿ ವೈದ್ಯರು ಕಂಡುಹಿಡಿದ ಅಥವಾ ಔಷಧ, ಸಲಹೆ ಕೊಟ್ಟ ಕಾಯಿಲೆ ಇದರಲ್ಲಿ ಸೇರುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಇದಕ್ಕಾಗಿ ಕಂಪನಿಯು 36 ತಿಂಗಳಿಗಿಂತ ಹೆಚ್ಚು ಕಾಯಿಸಕೂಡದು. ಅದಕ್ಕೆ ಮುಂಚೆ 48 ತಿಂಗಳವರೆಗೆ ಕಾಯಿಸಬಹುದಾಗಿತ್ತು. ಕಡಮೆ ಅವಧಿಯ ಪಾಲಿಸಿಗಳೂ ಉಂಟು.

ಈ ಷರತ್ತಿನಲ್ಲಿ ಒಂದು ಸಣ್ಣ ಮಾತು ಅಡಗಿದೆ. ಹಳೆಯ ಕಾಯಿಲೆಗಷ್ಟೇ ಅಲ್ಲ, ಅದರಿಂದ ನೇರವಾಗಿ ಹುಟ್ಟಿದ ತೊಂದರೆಗಳಿಗೂ ತಡೆ ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಯಜಮಾನರು ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿ ಮಲಗದಿರಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಕೊಳೆತರೆ, ಆ ಹುಣ್ಣಿನ ಚಿಕಿತ್ಸೆಗೂ 2028ರ ಜೂನ್ 10ರವರೆಗೆ ಹಣ ಬರುವುದಿಲ್ಲ. ಅದೇ ಯಜಮಾನರಿಗೆ ಡೆಂಗೆ ಬಂದರೆ ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಮೊದಲ 30 ದಿನ ಕಳೆದಿದ್ದರೆ ಹಣ ಸಿಗಬೇಕು. ಸಕ್ಕರೆ ಕಾಯಿಲೆ ಇದೆ ಎಂಬುದೊಂದನ್ನೇ ಹಿಡಿದು ಡೆಂಗೆಯ ಬಿಲ್ಲನ್ನು ತಳ್ಳಿಹಾಕಿದರೆ ಅದು ಪ್ರಶ್ನಿಸಬೇಕಾದ ವಿಷಯ. ಒಂದೇ ಕಾಯಿಲೆ 01ಕ್ಕೂ 02ಕ್ಕೂ ಸೇರುವಂತಿದ್ದರೆ ಎರಡರಲ್ಲಿ ಉದ್ದವಾದ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

36 ತಿಂಗಳಾದ ಮೇಲೆ ತೂಬು ತೆರೆಯಬೇಕಾದರೆ, ಆ ಕಾಯಿಲೆಯನ್ನು ಅರ್ಜಿಯಲ್ಲಿ ಮೊದಲೇ ತಿಳಿಸಿರಬೇಕು. ಏಜೆಂಟನು “ಸಕ್ಕರೆ ಕಾಯಿಲೆ ಬರೆದರೆ ಕಂತು ಹೆಚ್ಚಾಗುತ್ತದೆ, ಬಿಟ್ಟುಬಿಡಿ” ಎಂದರೆ ಒಪ್ಪಬೇಡಿ. ಬರೆದು ತಿಳಿಸಿದವರಿಗೆ ಕಾಯುವ ಕಷ್ಟ ಮಾತ್ರ. ಮುಚ್ಚಿಟ್ಟವರ ಪಾಲಿಸಿಯೇ ರದ್ದಾಗಬಹುದು. ಎಡೆಬಿಡದೆ 60 ತಿಂಗಳು ಪಾಲಿಸಿ ನಡೆದ ಮೇಲೆ, ತಿಳಿಸಲಿಲ್ಲವೆಂಬ ಕಾರಣಕ್ಕೆ ಕಂಪನಿ ಹಣ ನಿರಾಕರಿಸುವಂತಿಲ್ಲ. ಮೋಸ ಸಾಬೀತಾದರೆ ಮಾತ್ರ ನಿರಾಕರಿಸಬಹುದು. ಆದರೆ ಆ 60 ತಿಂಗಳ ನಂತರವೂ ಹೊರಗಿಟ್ಟ ವಿಷಯಗಳು ಹೊರಗೇ ಇರುತ್ತವೆ, ಒಳಮಿತಿಗಳೂ ಇದ್ದಂತೆಯೇ ಇರುತ್ತವೆ.

ಆಸ್ಪತ್ರೆಗೆ ಸೇರಿಸುವಾಗಿನ ಮಾತಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ರೋಗಿಯ ಜೊತೆಗೆ ಬಂದವರನ್ನು ವೈದ್ಯರು “ಎಷ್ಟು ದಿನದಿಂದ ಈ ತೊಂದರೆ?” ಎಂದು ಕೇಳುತ್ತಾರೆ. ನಮ್ಮ ಜನ ವಾಡಿಕೆಯಂತೆ “ಬಹಳ ವರ್ಷದಿಂದ ಸ್ವಾಮಿ” ಎಂದುಬಿಡುತ್ತಾರೆ. ಅದು ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ಕಂಪನಿಯವರು ಬಿಲ್ಲಿಗಿಂತ ಮೊದಲು ಓದುವುದು ಆ ಸಾಲನ್ನು. ಎರಡು ವಾರದ ಎದೆನೋವು ಕಾಗದದಲ್ಲಿ ಹಲವು ವರ್ಷದ ಹೃದ್ರೋಗವಾದರೆ 01ರ ಷರತ್ತು ಬಂದು ಅಡ್ಡ ನಿಲ್ಲುತ್ತದೆ. ಸುಳ್ಳು ಹೇಳಬಾರದು, ಆದರೆ ತಿಂಗಳು ದಿನಗಳನ್ನು ನೆನೆದು ನಿಖರವಾಗಿ ಹೇಳಬೇಕು. ಮನೆಗೆ ಹೊರಡುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಓದಬಲ್ಲವರಿಂದ ಓದಿಸಿ, ತಪ್ಪು ಬರೆದಿದ್ದರೆ ಅಲ್ಲಿಯೇ ವೈದ್ಯರಿಂದ ತಿದ್ದಿಸಿಕೊಳ್ಳಬೇಕು.

ಎಣಿಕೆ ತಪ್ಪುವುದು ಹೇಗೆ?

ಈ ತಿಂಗಳುಗಳ ಎಣಿಕೆ ನಡೆಯುವುದು ಪಾಲಿಸಿ ಎಡೆಬಿಡದೆ ಮುಂದುವರಿದರೆ ಮಾತ್ರ. ವರ್ಷದ ಕಂತು ಕಟ್ಟುವ ದಿನ ತಪ್ಪಿದರೆ ಇನ್ನೂ 30 ದಿನಗಳ ರಿಯಾಯಿತಿ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಿಂದಿನ ಎಣಿಕೆ ಉಳಿಯುತ್ತದೆ. ಆದರೆ ಕಂತು ಕಟ್ಟದೆ ಇದ್ದ ಆ ನಡುವಿನ ದಿನಗಳಲ್ಲಿ ಕಾಯಿಲೆ ಬಿದ್ದರೆ ಹಣ ಸಿಗುವುದೆಂದು ನಂಬಿ ಕೂರಬಾರದು. ರಿಯಾಯಿತಿಯ ದಿನಗಳೂ ದಾಟಿದರೆ ಪಾಲಿಸಿ ಬಿದ್ದುಹೋಗುತ್ತದೆ; ಹೊಸದಾಗಿ ಕೊಂಡಾಗ 30 ದಿನ, 24 ತಿಂಗಳು, 36 ತಿಂಗಳು ಎಲ್ಲವೂ ಮೊದಲಿನಿಂದ. ಸುಗ್ಗಿಯ ಹಣ ಬಂದ ಮೇಲೆ ಕಟ್ಟೋಣವೆಂದು ಎರಡು ತಿಂಗಳು ತಡಮಾಡಿದ ಮನೆ, ಎರಡು ವರ್ಷ ಕಾದದ್ದನ್ನೆಲ್ಲ ಕಳೆದುಕೊಂಡಂತೆ ಆಗುತ್ತದೆ.

ಕಂಪನಿ ಹಿಡಿಸದಿದ್ದರೆ ಬೇರೆ ಕಂಪನಿಗೆ ಪಾಲಿಸಿಯನ್ನು ವರ್ಗ ಮಾಡಿಸಬಹುದು. ಇದಕ್ಕೆ ಪೋರ್ಟಬಿಲಿಟಿ ಎನ್ನುತ್ತಾರೆ. ಹೀಗೆ ಕ್ರಮವಾಗಿ ವರ್ಗ ಮಾಡಿಸಿದರೆ ಕಾದಿದ್ದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ಹಳೆಯದನ್ನು ಬಿಟ್ಟು ಹೊಸದನ್ನು ಕೊಂಡರೆ ಬರುವುದಿಲ್ಲ. 3 ಲಕ್ಷದ ಪಾಲಿಸಿಯನ್ನು ನಡುವೆ 5 ಲಕ್ಷಕ್ಕೆ ಏರಿಸಿದರೆ, ಹೆಚ್ಚಿಸಿದ 2 ಲಕ್ಷದ ಮಟ್ಟಿಗೆ ಕಾಯುವ ಅವಧಿ ಹೊಸದಾಗಿ ಮೊದಲಾಗುತ್ತದೆ.

ಅಚ್ಚುಕಟ್ಟಿನ ಹೊರಗಿರುವವು

04ರಿಂದ 18ರವರೆಗಿನ ಎಲ್ಲವನ್ನೂ ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಹಳ್ಳಿಯ ಮನೆಗಳಿಗೆ ತಾಕುವ ಮೂರನ್ನು ನೋಡೋಣ.

ಮೊದಲನೆಯದು 04. ಬರೀ ಪರೀಕ್ಷೆಗಾಗಿ ಆಸ್ಪತ್ರೆಯಲ್ಲಿ ಸೇರಿಸಿಕೊಂಡರೆ ಹಣವಿಲ್ಲ. ಎದೆನೋವೆಂದು ಎರಡು ದಿನ ಮಲಗಿಸಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿ, ಏನೂ ಇಲ್ಲವೆಂದು ಕಳಿಸಿದಾಗ ಕಂಪನಿ ಈ ಸಂಖ್ಯೆಯನ್ನು ತೋರಿಸುವುದುಂಟು. ರೋಗಿಗೆ ಡ್ರಿಪ್, ಇಂಜೆಕ್ಷನ್ ಮೊದಲಾದ ಚಿಕಿತ್ಸೆ ಕೊಟ್ಟಿದ್ದರೆ, ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಏಕೆ ಅವಶ್ಯವಾಯಿತೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರಬೇಕು.

ಎರಡನೆಯದು 12. ಕುಡಿತದ ಚಟಕ್ಕೆ ಕೊಡುವ ಚಿಕಿತ್ಸೆಗೂ ಅದರ ಪರಿಣಾಮಗಳಿಗೂ ಹಣವಿಲ್ಲ. ಕುಡಿತದಿಂದ ಯಕೃತ್ತು ಕೆಟ್ಟಿತೆಂದು ವೈದ್ಯರು ಬರೆದರೆ ಎಷ್ಟು ವರ್ಷದ ಪಾಲಿಸಿಯಾದರೂ ನೆರವಾಗದು.

ಮೂರನೆಯದು 18, ಎಂದರೆ ಬಸಿರು ಬಾಣಂತನ. ಹೆರಿಗೆಯ ಖರ್ಚು, ಸಿಸೇರಿಯನ್ ಶಸ್ತ್ರಚಿಕಿತ್ಸೆಯೂ ಸೇರಿ, ಇದರಡಿ ಹೊರಗೆ. ಗರ್ಭಕೋಶದ ಹೊರಗೆ ಗರ್ಭ ಕಟ್ಟಿದಾಗ ಮಾಡುವ ಚಿಕಿತ್ಸೆಗೆ ಮಾತ್ರ ಈ ತಡೆಯಿಲ್ಲ. ಕೆಲವು ಪಾಲಿಸಿಗಳು ಹೆಚ್ಚಿನ ಕಂತು ಪಡೆದು ಹೆರಿಗೆಯನ್ನು ಸೇರಿಸಿಕೊಳ್ಳುತ್ತವೆ. ಹಾಗಿದ್ದರೆ ಅದಕ್ಕೆ ಬೇರೆಯಾದ ಕಾಯುವ ಅವಧಿ, ಬೇರೆಯಾದ ಮಿತಿ ಇರುತ್ತದೆ. ಮನೆಗೆ ಸೊಸೆ ಬರುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳಬೇಕು, ಬಸುರಾದ ಮೇಲಲ್ಲ.

18ರ ನಂತರವೂ ಕಂಪನಿ ತನ್ನದೇ ಆದ ಕೆಲವು ವಿಷಯಗಳನ್ನು ಸೇರಿಸಿರುತ್ತದೆ. ಅವಕ್ಕೆ ಸಂಖ್ಯೆಯ ಸಹಾಯವಿಲ್ಲ, ಓದಿಸಿಯೇ ತಿಳಿಯಬೇಕು.

ಒಳಮಿತಿ: ಕೊಠಡಿ ಬಾಡಿಗೆಯ ಲೆಕ್ಕ

ಒಳಮಿತಿಯ ಸರಳ ರೂಪವನ್ನು ಕಣ್ಣಿನ ಪೊರೆಯಲ್ಲಿ ಕಾಣಬಹುದು. ಆರೋಗ್ಯ ಸಂಜೀವನಿ ಎಂಬ ಹೆಸರಿನಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ಪಾಲಿಸಿ 2020ರ ಏಪ್ರಿಲಿನಲ್ಲಿ ಬಂದಿತು. ಅದರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಒಂದು ಕಣ್ಣಿಗೆ ವಿಮಾ ಮೊತ್ತದ ನೂರಕ್ಕೆ 25 ಅಥವಾ 40,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು ಎಂದಿದೆ. 3 ಲಕ್ಷದಲ್ಲಿ ನೂರಕ್ಕೆ 25 ಎಂದರೆ 75,000. ಆದರೆ ಕಡಮೆಯಾದದ್ದು 40,000; ಅಷ್ಟೇ ಸಿಗುವುದು. ವಿಮಾ ಮೊತ್ತ 1 ಲಕ್ಷವಿದ್ದವರಿಗೆ 25,000 ಮಾತ್ರ. ಪಾಲಿಸಿಯಲ್ಲಿ ‘ವಿಚ್‌ಎವರ್ ಈಸ್ ಲೋವರ್’ ಅಥವಾ ‘ಲೆಸ್’ ಎಂಬ ಮಾತು ಕಂಡಲ್ಲೆಲ್ಲ ಸಣ್ಣ ಅಂಕಿಯನ್ನೇ ನಿಮ್ಮದೆಂದು ತಿಳಿಯಿರಿ.

ಕೊಠಡಿ ಬಾಡಿಗೆಯ ಒಳಮಿತಿ ಇಷ್ಟು ಸರಳವಲ್ಲ. ಅದು ಬಾಡಿಗೆಯನ್ನು ಮಾತ್ರ ಕಡಿಯುವುದಿಲ್ಲ. ಬಿಲ್ಲಿನ ಇತರ ಭಾಗಗಳನ್ನೂ ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆಯ ಲೆಕ್ಕದಲ್ಲೇ ನೋಡೋಣ. ಅವರ ಪಾಲಿಸಿಯಲ್ಲಿ ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ನೂರಕ್ಕೆ 1, ಎಂದರೆ 3,000 ರೂಪಾಯಿ ಎಂದಿರಲಿ. ಸಿಕ್ಕುವ ಹಣದಲ್ಲಿ ನೂರಕ್ಕೆ 10ನ್ನು ಮನೆಯವರು ಹೊರಬೇಕೆಂಬ ಕೋ-ಪೇಮೆಂಟ್ ಷರತ್ತೂ ಇರಲಿ. ಕಾಯುವ ಅವಧಿ ಮುಗಿದ ಮೇಲೆ ಯಜಮಾನಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಸೇರುತ್ತಾರೆ. “ವಿಮೆ ಇದೆಯಲ್ಲ” ಎಂದು ಮನೆಯವರು ದಿನಕ್ಕೆ 6,000 ರೂಪಾಯಿಯ ಒಂಟಿ ಕೊಠಡಿ ಹಿಡಿಯುತ್ತಾರೆ. ಐದು ದಿನದ ಬಿಲ್ಲು ಹೀಗಾಗುತ್ತದೆ: ಕೊಠಡಿ 30,000, ವೈದ್ಯರು, ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಸೇರಿ 60,000, ಔಷಧ ಮತ್ತು ಪರೀಕ್ಷೆಗಳು 40,000. ಒಟ್ಟು 1,30,000.

ಕಂಪನಿಯ ಲೆಕ್ಕವೇ ಬೇರೆ. ಇರಬೇಕಾಗಿದ್ದ ಬಾಡಿಗೆ 3,000, ಇದ್ದದ್ದು 6,000, ಎಂದರೆ ಅರ್ಧ. ಆದುದರಿಂದ ಕೊಠಡಿಗೆ 15,000. ಅದೇ ಪ್ರಮಾಣದಲ್ಲಿ 60,000ಕ್ಕೂ ಅರ್ಧ, 30,000. ಔಷಧ, ಪರೀಕ್ಷೆಗಳನ್ನು ಈ ಪ್ರಮಾಣದಲ್ಲಿ ಕಡಿಯಬಾರದೆಂದು 2020ರಿಂದ ನಿಯಮವಿದೆ. ಆದುದರಿಂದ 40,000 ಪೂರ್ತಿ. ಮೂರೂ ಸೇರಿ 85,000. ಅದರಲ್ಲಿ ಮನೆಯವರ ನೂರಕ್ಕೆ 10, ಎಂದರೆ 8,500 ಕಳೆದು ಕಂಪನಿ ಕೊಡುವುದು 76,500. ಮನೆಯವರು ಕೊಡಬೇಕಾದದ್ದು 53,500 ರೂಪಾಯಿ.

ಅವರು 3,000 ರೂಪಾಯಿಯ ಕೊಠಡಿಯಲ್ಲೇ ಇದ್ದಿದ್ದರೆ? ಬಹಳ ಖಾಸಗಿ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಇಳಿದರೆ ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ದರವೂ ಇಳಿಯುತ್ತದೆ. ಅದು 45,000 ಆಯಿತೆನ್ನೋಣ. ಕೊಠಡಿ 15,000, ಔಷಧ ಪರೀಕ್ಷೆ 40,000. ಒಟ್ಟು 1 ಲಕ್ಷ. ಕಂಪನಿ 90,000 ಕೊಡುತ್ತದೆ, ಮನೆಯವರದು 10,000. ಕೊಠಡಿಯ ಬಾಡಿಗೆಯಲ್ಲಿ ವ್ಯತ್ಯಾಸ 15,000 ಮಾತ್ರ. ಆದರೆ ಮನೆಯವರ ಕೈಯಿಂದ ಹೆಚ್ಚಾಗಿ ಹೋದದ್ದು 43,500.

ಕೊಠಡಿ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ, ಬಾಡಿಗೆಯ ಹೆಚ್ಚಳವನ್ನು ಬಿಟ್ಟು ಉಳಿದುದನ್ನು ಹೀಗೆ ಕಡಿಯುವಂತಿಲ್ಲ. ತೀವ್ರ ನಿಗಾ ಘಟಕದ ದರಕ್ಕೂ ಈ ಪ್ರಮಾಣದ ಕಡಿತವಿಲ್ಲ. ಇಂಥ ಕಡಿತ ಕಂಡರೆ ಆಸ್ಪತ್ರೆಯಿಂದ ದರಪಟ್ಟಿಯನ್ನು ಪಡೆದು ಕಂಪನಿಗೆ ಬರೆಯಬೇಕು. ಇದಲ್ಲದೆ ಕೈಗವಸು ಮೊದಲಾದ ಕೆಲವು ಸಾಮಾನುಗಳ ಬೆಲೆಯನ್ನು ಬಹಳ ಪಾಲಿಸಿಗಳು ಕೊಡುವುದಿಲ್ಲ. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಆದುದರಿಂದ ಆಸ್ಪತ್ರೆಯ ಕೌಂಟರಿನಲ್ಲಿ “ಯಾವ ಕೊಠಡಿ ಬೇಕು?” ಎಂದು ಕೇಳಿದಾಗ, “ನಮ್ಮ ಪಾಲಿಸಿಯಲ್ಲಿ ದಿನಕ್ಕೆ ಇಷ್ಟು; ಅದರೊಳಗಿನ ಕೊಠಡಿ ಕೊಡಿ” ಎಂದು ಹೇಳಬೇಕು. ಆ ಅಂಕಿ ಕಾಗದದಲ್ಲಿ ಬರೆದು ಜೇಬಿನಲ್ಲಿರಬೇಕು.

ಪಾಲಿಸಿ ಕೈಗೆ ಬಂದ ಕೂಡಲೆ ಮಾಡಬೇಕಾದ್ದು

ಪಾಲಿಸಿಯ ಜೊತೆಗೆ ಕಸ್ಟಮರ್ ಇನ್‌ಫರ್ಮೇಶನ್ ಶೀಟ್ ಎಂಬ ಚಿಕ್ಕ ಪತ್ರಿಕೆಯನ್ನು ಕಂಪನಿ ಕೊಡಬೇಕು. ಕಾಯುವ ಅವಧಿ, ಹೊರಗಿಟ್ಟ ವಿಷಯ, ಒಳಮಿತಿ ಮೂರೂ ಅದರಲ್ಲಿ ಸಂಕ್ಷೇಪವಾಗಿರುತ್ತವೆ. 2024ರ ಜನವರಿ 1ರಿಂದ, ಪಾಲಿಸಿದಾರರು ಬಯಸಿದರೆ ಇದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ನಿಯಮವಾಗಿದೆ. “ನಮಗೆ ಕನ್ನಡದಲ್ಲಿ ಬೇಕು” ಎಂದು ಏಜೆಂಟನ ಬಳಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು; ಕಂಪನಿಗೆ ಪತ್ರದಲ್ಲಿ ಬರೆದು ಕೇಳಬೇಕು. ಓದಿ ಅರ್ಥವಾಗುವವರೆಗೆ, ಓದಿದ್ದೇನೆಂಬ ರುಜು ಹಾಕಬೇಡಿ, ಫೋನಿಗೆ ಬಂದ ಸಂಖ್ಯೆಯನ್ನು ಹೇಳಿ ಒಪ್ಪಿಗೆ ಕೊಡಬೇಡಿ.

ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ, ಷರತ್ತುಗಳು ಒಪ್ಪಿಗೆಯಾಗದಿದ್ದರೆ ಅದನ್ನು ಹಿಂದಿರುಗಿಸಬಹುದು. ಅಷ್ಟು ದಿನದ ಮಟ್ಟಿನ ವೆಚ್ಚ, ವೈದ್ಯ ಪರೀಕ್ಷೆ, ಸ್ಟಾಂಪಿನ ಖರ್ಚು ಕಳೆದು ಉಳಿದ ಹಣ ವಾಪಸು ಬರುತ್ತದೆ. ಆದುದರಿಂದ ಓದಿಸುವ ಕೆಲಸ ಈ 30 ದಿನಗಳಲ್ಲೇ ಮುಗಿಯಬೇಕು.

ಮುಂದೆ ಎಂದಾದರೂ ಹಣ ಕೊಡುವುದಿಲ್ಲವೆಂದು ಕಂಪನಿ ಹೇಳಿದರೆ, ಯಾವ ಷರತ್ತಿನಂತೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಆ ಸಂಖ್ಯೆಯನ್ನು ಹಿಡಿದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಪ್ರಾಧಿಕಾರದ 155255 ಎಂಬ ಫೋನ್ ಸಂಖ್ಯೆಯಲ್ಲಿಯೂ ದೂರು ದಾಖಲಿಸಬಹುದು.

ಕಡೆಯದಾಗಿ, ಒಂದು ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಪಾಲಿಸಿಯ ಮೊದಲ ಪುಟಕ್ಕೆ ಅಂಟಿಸಿ. ನಮ್ಮ ಮನೆಯ ಹಾಳೆ ಹೀಗಿರುತ್ತದೆ:

ಪಾಲಿಸಿ ಮೊದಲಾದ ದಿನ: 10-6-2025.
ಸಾಮಾನ್ಯ ಕಾಯಿಲೆಗಳಿಗೆ ಹಣ: 10-7-2025ರಿಂದ.
ಪಟ್ಟಿಯಲ್ಲಿರುವ ಕಾಯಿಲೆಗಳಿಗೆ: 10-6-2027ರಿಂದ.
ಅಪ್ಪನ ಸಕ್ಕರೆ ಕಾಯಿಲೆ ಮತ್ತು ಅದರ ತೊಂದರೆಗಳಿಗೆ: 10-6-2028ರಿಂದ.
ಎಂದೂ ಇಲ್ಲದ್ದು: ಬರೀ ಪರೀಕ್ಷೆ, ಕುಡಿತದ ಕಾಯಿಲೆ, ಹೆರಿಗೆ.
ಕೊಠಡಿ: ದಿನಕ್ಕೆ 3,000ದ ಒಳಗೆ. ನಮ್ಮ ಪಾಲು: ನೂರಕ್ಕೆ 10.
ಕಂತು ಕಟ್ಟುವ ದಿನ: ಪ್ರತಿ ವರ್ಷ ಜೂನ್ 9ರೊಳಗೆ.

ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾಗಿ ಬಂದಾಗ ಹತ್ತಾರು ಪುಟದ ಇಂಗ್ಲಿಷನ್ನು ಓದುತ್ತ ಕೂರಲು ಯಾರಿಗೂ ಆಗದು. ಈ ಏಳು ಸಾಲುಗಳನ್ನು ಮನೆಯ ಯಾರು ಬೇಕಾದರೂ ಓದಬಲ್ಲರು.